ಗೋಡೆ ಯಾಕೆ ತಡೆಯುತ್ತದೆ?

ಕಳೆದ ಸಂಚಿಕೆಗೆ ನಾನು ಬರೆದುಕೊಟ್ಟಿದ್ದ ಆಟದ ವಿಮರ್ಶೆ ಅಚ್ಚಾಗಲಿಲ್ಲ. ಚಿತ್ರ ಚೆನ್ನಾಗಿದೆ, ಸಂಗೀತ ಹಿತವಾಗಿದೆ, ಐದಕ್ಕೆ ನಾಲ್ಕು ಅಂಕ ಎಂದು ಒಂದೂವರೆ ಪುಟ ತುಂಬಿಸಿದ್ದೆ. ಸಂಪಾದಕ ಮಂಡಳಿಯ ಮೇಡಂ ಹಾಳೆಯನ್ನು ಹಿಂದಿರುಗಿಸಿ, "ಈ ಆಟ ಆಡುವ ಮೊದಲು ನಿನಗೆ ಏನು ಗೊತ್ತಿರಲಿಲ್ಲ? ಅದನ್ನು ಆಟ ಹೇಗೆ ತಿಳಿಸಿತು? ಅದನ್ನು ಬರಿ" ಎಂದರು. ಆಗ ಸ್ವಲ್ಪ ಬೇಸರವಾಯಿತು. ಈಗ ನೋಡಿದರೆ ಒಗಟಿನ ಆಟದ ಬಗ್ಗೆ ಕೇಳಬೇಕಾದ ಪ್ರಶ್ನೆ ಅದೊಂದೇ ಎಂದು ನನಗನ್ನಿಸುತ್ತದೆ.

ಆಟದ ಹೆಸರು 'ಬಾಬಾ ಈಸ್ ಯೂ'. ಫಿನ್ಲೆಂಡಿನ ಆರ್ವಿ ತೇಯ್ಕಾರಿ ಎಂಬುವರು ವಿದ್ಯಾರ್ಥಿಯಾಗಿದ್ದಾಗ, 2017ರಲ್ಲಿ, ಕೆಲವೇ ದಿನಗಳಲ್ಲಿ ಆಟ ತಯಾರಿಸುವ ಒಂದು ಸ್ಪರ್ಧೆಗೆ ಇದರ ಮೊದಲ ರೂಪವನ್ನು ಮಾಡಿದರು. ಪೂರ್ಣ ಆಟ 2019ರಲ್ಲಿ ಬಂತು, ಮೊಬೈಲಿಗೆ 2021ರಲ್ಲಿ. ಹಣ ಕೊಟ್ಟು ಕೊಳ್ಳಬೇಕಾದ ಆಟ. ನಾನು ಅಣ್ಣನ ಫೋನಿನಲ್ಲಿ ಆಡಿದ್ದು.

ಪರದೆಯ ಮೇಲೆ ಬಾಬಾ ಎಂಬ ಪುಟ್ಟ ಬಿಳಿ ಪ್ರಾಣಿ ಇದೆ. ಗೋಡೆ, ಬಂಡೆ, ಬಾವುಟ ಇವೆ. ಇವುಗಳ ಜೊತೆಗೆ ಪದಗಳೂ ಇವೆ, ಒಂದು ಚೌಕಕ್ಕೆ ಒಂದು ಪದ. ಮೊದಲ ಹಂತದಲ್ಲಿ ನಾಲ್ಕು ವಾಕ್ಯಗಳು ಕಾಣುತ್ತವೆ: BABA IS YOU, FLAG IS WIN, WALL IS STOP, ROCK IS PUSH. ನಾನು ಇವನ್ನು ಸೂಚನಾ ಫಲಕ ಎಂದುಕೊಂಡೆ. ಬಂಡೆಯನ್ನು ತಳ್ಳಿಕೊಂಡು ಹೋಗಿ ಬಾವುಟ ಮುಟ್ಟಿದೆ, ಗೆದ್ದೆ. ಅರ್ಧ ನಿಮಿಷವೂ ಆಗಲಿಲ್ಲ. ಏನನ್ನೂ ಕಲಿಯದೆ ಗೆದ್ದಿದ್ದೆ.

ಎರಡನೆಯ ಹಂತದಲ್ಲಿ ಬಾಬಾ ನಾಲ್ಕು ಗೋಡೆಗಳ ಒಳಗೆ ಸಿಕ್ಕಿಬಿದ್ದಿದೆ. ಬಾಗಿಲಿಲ್ಲ. ಸುತ್ತಲೂ ಡಿಕ್ಕಿ ಹೊಡೆದು ನೋಡಿದೆ. ಒಳಗೆ ಇದ್ದದ್ದು WALL IS STOP ಎಂಬ ಮೂರು ಪದಗಳು ಮಾತ್ರ. ಬೇರೆ ಏನೂ ಮಾಡಲು ಇಲ್ಲದ ಕಾರಣ ಅದರಲ್ಲಿ ಒಂದು ಪದವನ್ನು ತಳ್ಳಿದೆ. ಅದು ಸರಿಯಿತು, ವಾಕ್ಯ ಮುರಿಯಿತು. ಆಮೇಲೆ ಗೋಡೆಯ ಮೂಲಕವೇ ನಡೆದುಹೋದೆ.

ಇಲ್ಲಿ ಆಟ ಮಾಡಿದ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡಿ. "ಪದಗಳನ್ನು ತಳ್ಳಬಹುದು" ಎಂದು ಅದು ಹೇಳಲಿಲ್ಲ. ತಳ್ಳಬಹುದಾದ ಬೇರೆ ವಸ್ತುವನ್ನು ಆ ಕೋಣೆಯಲ್ಲಿ ಇಡಲಿಲ್ಲ, ಅಷ್ಟೇ. ಗೋಡೆ ಗಟ್ಟಿ ಎಂಬ ಕಾರಣಕ್ಕೆ ನಮ್ಮನ್ನು ತಡೆಯುತ್ತದೆ ಎಂದು ನಾನು ನಂಬಿದ್ದೆ. ಅದು ತಡೆಯುತ್ತಿದ್ದದ್ದು ಪಕ್ಕದಲ್ಲಿ ಒಂದು ವಾಕ್ಯ ಇದ್ದುದರಿಂದ. ಮತ್ತೆ ಮೊದಲ ಹಂತಕ್ಕೆ ಹೋಗಿ ROCK IS PUSH ಮುರಿದು ನೋಡಿದೆ. ಇನ್ನು ಬಂಡೆಯನ್ನು ತಳ್ಳಲಾಗದು, ದಾರಿ ಕಟ್ಟುತ್ತದೆ ಎಂದುಕೊಂಡಿದ್ದೆ. ಇಲ್ಲ, ಬಾಬಾ ಅದರ ಮೇಲೆಯೇ ನಡೆದುಹೋಯಿತು. ವಾಕ್ಯವಿಲ್ಲದ ವಸ್ತುವಿಗೆ ಯಾವ ಗುಣವೂ ಇಲ್ಲ. ಬಂಡೆಯ ಚಿತ್ರ ಬರೀ ಚಿತ್ರ. ಆಮೇಲೆ ಕೆಟ್ಟ ಕುತೂಹಲದಿಂದ BABA IS YOU ಅನ್ನೇ ಮುರಿದೆ. ಎತ್ತ ಒತ್ತಿದರೂ ಏನೂ ಅಲುಗಲಿಲ್ಲ, ಯಾಕೆಂದರೆ ಪರದೆಯ ಮೇಲೆ "ನಾನು" ಎಂಬುದೇ ಉಳಿದಿರಲಿಲ್ಲ. ಎಷ್ಟು ಹೆಜ್ಜೆ ಬೇಕಾದರೂ ಹಿಂದಕ್ಕೆ ಹೋಗುವ ಸೌಲಭ್ಯ ಆಟದಲ್ಲಿದೆ. ತಪ್ಪಿಗೆ ದಂಡವಿಲ್ಲದಿರುವುದರಿಂದಲೇ ಇಂಥ ಕಿತಾಪತಿ ಮಾಡಿ ನೋಡಲು ಧೈರ್ಯ ಬರುತ್ತದೆ.

ಆಟ ಕಲಿಸುತ್ತದೆ ಎಂಬುದಕ್ಕೆ ನನಗೆ ಸಿಕ್ಕ ಒಳ್ಳೆಯ ಸಾಕ್ಷಿ ನನ್ನ ಖಾಲಾ ಮಗಳು. ಅವಳು ಉರ್ದು ಶಾಲೆಯಲ್ಲಿ ಐದನೇ ತರಗತಿ. ಇಂಗ್ಲಿಷ್ ಪದಗಳನ್ನು ಓದುತ್ತಾಳೆ, ಆದರೆ ಸಾಲು ಹಚ್ಚುವಾಗ ಕೈ ಬಲದಿಂದಲೇ ಶುರುವಾಗುತ್ತದೆ. ಒಂದು ಹಂತದಲ್ಲಿ ಬಿಡಿಬಿಡಿಯಾಗಿದ್ದ ಪದಗಳನ್ನು ಬಲತುದಿಯಲ್ಲಿ FLAG, ನಡುವೆ IS, ಎಡಕ್ಕೆ WIN ಬರುವಂತೆ ಜೋಡಿಸಿದಳು. ಅವಳ ಲೆಕ್ಕದಲ್ಲಿ ವಾಕ್ಯ ಸರಿಯಾಗಿತ್ತು. ಆಟ ಓದುವುದು ಎಡದಿಂದ ಬಲಕ್ಕೆ, ಇಲ್ಲವೇ ಮೇಲಿನಿಂದ ಕೆಳಕ್ಕೆ ಮಾತ್ರ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ, "ಭಾಯ್, ಇದು ಹೊಳೀತಾ ಇಲ್ಲ" ಎಂದಳು. ವಾಕ್ಯ ಕೂಡಿದಾಗ ಪದಗಳ ಬಣ್ಣ ಬೆಳಗುತ್ತದೆ, ಮುರಿದಾಗ ಮಂಕಾಗುತ್ತದೆ. ಅದನ್ನು ಅವಳು ಆಗಲೇ ಗಮನಿಸಿದ್ದಳು. ಸ್ವಲ್ಪ ಹೊತ್ತು ತಿಣುಕಾಡಿ ಮೂರನ್ನೂ ಒಂದರ ಕೆಳಗೊಂದು ನಿಲ್ಲಿಸಿದಳು. ಹೊಳೆಯಿತು. ಮೇಲಿನಿಂದ ಕೆಳಕ್ಕೆ ಎಂಬುದು ಉರ್ದುವಿಗೂ ಇಂಗ್ಲಿಷಿಗೂ ಒಂದೇ ತಾನೇ! ಎಡ-ಬಲದ ವಿಷಯವನ್ನು ಮುಂದಿನ ಹಂತದಲ್ಲಿ ತಾನೇ ಕಂಡುಕೊಂಡಳು. ಯಾರೂ ತಪ್ಪು ಎಂದು ಕೆಂಪು ಗೆರೆ ಎಳೆಯಲಿಲ್ಲ.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಬಾಬಾ ತಳ್ಳಬಲ್ಲದು, ಎಳೆಯಲಾರದು. ಬಯಲಿನ ನಡುವೆ ಅಡ್ಡಲಾಗಿ ಇರುವ ವಾಕ್ಯವನ್ನು ಒಂದು ತುದಿಯಿಂದ ತಳ್ಳಿದರೆ ಮೂರೂ ಪದಗಳು ಒಟ್ಟಿಗೆ ಜರುಗುತ್ತವೆ, ವಾಕ್ಯ ಹಾಗೇ ಇರುತ್ತದೆ. ಮೇಲಿನಿಂದಲೋ ಕೆಳಗಿನಿಂದಲೋ ಯಾವುದಾದರೂ ಒಂದು ಪದವನ್ನು ತಳ್ಳಿದರೆ ಮಾತ್ರ ಮುರಿಯುತ್ತದೆ. ಅದೇ ವಾಕ್ಯ ಪರದೆಯ ಎಡ ಮೇಲಿನ ಮೂಲೆಯಲ್ಲಿದ್ದರೆ? ಕೆಳಗಿನಿಂದ ತಳ್ಳಿದರೆ ಮೇಲಿನ ಅಂಚು ತಡೆಯುತ್ತದೆ, ಬಲದಿಂದ ತಳ್ಳಿದರೆ ಎಡ ಅಂಚು ತಡೆಯುತ್ತದೆ. ಮೇಲಿನಿಂದಲೋ ಎಡದಿಂದಲೋ ಹೋಗಲು ಜಾಗವೇ ಇಲ್ಲ. ಅಂದರೆ ಆ ನಿಯಮಕ್ಕೆ ಬೀಗ ಬಿದ್ದಿದೆ. ಇದು ತಿಳಿದ ಮೇಲೆ ಹೊಸ ಹಂತ ತೆರೆದ ತಕ್ಷಣ ನಾನು ಬಾವುಟವನ್ನು ಹುಡುಕುವುದಿಲ್ಲ. ಮೂಲೆಯಲ್ಲಿ ಯಾವ ವಾಕ್ಯ ಇದೆ, ಬಯಲಿನಲ್ಲಿ ಯಾವುದಿದೆ ಎಂದು ಮೊದಲು ನೋಡುತ್ತೇನೆ. ಬದಲಾಯಿಸಲು ಸಾಧ್ಯವಿರುವುದು ಬಯಲಿನಲ್ಲಿ ಇರುವುದನ್ನು ಮಾತ್ರ. ಅರ್ಧ ಒಗಟು ಅಲ್ಲೇ ಬಿಡುತ್ತದೆ.

ಆಟದ ಕೊರತೆಯನ್ನೂ ಹೇಳಬೇಕು. ಎಲ್ಲವನ್ನೂ ಕಣ್ಣಿಗೆ ತೋರಿಸಿ ಕಲಿಸುವ ಈ ಆಟ, ತೋರಿಸಲು ಆಗದ ಕಡೆ ಎಡವುತ್ತದೆ. ಒಂದೇ ಚೌಕದಲ್ಲಿ ಎರಡು ಬಾಬಾ ನಿಂತರೆ ನಮಗೆ ಕಾಣುವುದು ಒಂದೇ. ಮುಂದಿನ ಹಂತಗಳಲ್ಲಿ ಹೀಗೆ ಒಂದರ ಮೇಲೊಂದು ನಿಂತ ವಸ್ತುಗಳ ಲೆಕ್ಕ ಇಡಬೇಕಾಗುತ್ತದೆ. WATER IS SINK ಎಂಬ ನಿಯಮವಿದ್ದರೆ ನೀರಿಗೆ ಬಿದ್ದ ವಸ್ತುವೂ ಆ ಚೌಕದ ನೀರೂ ಎರಡೂ ಮಾಯವಾಗುತ್ತವೆ. ಅದನ್ನು ಒಮ್ಮೆ ಮುಳುಗಿದರೆ ಯಾರಾದರೂ ಕಲಿಯುತ್ತಾರೆ. ಆದರೆ ಕಾಣದೇ ಇದ್ದ ಎರಡನೆಯ ವಸ್ತುವಿನಿಂದ ಲೆಕ್ಕ ತಪ್ಪಿದಾಗ ನಾನು ಏನು ತಪ್ಪು ಮಾಡಿದೆ ಎಂಬುದೇ ತಿಳಿಯುವುದಿಲ್ಲ. ಅಂಥ ಸೋಲು ಏನನ್ನೂ ಕಲಿಸದು, ಸಿಟ್ಟು ಮಾತ್ರ ಬರಿಸುತ್ತದೆ.

ಅಂಥದೊಂದು ಸಿಟ್ಟಿನಲ್ಲಿ ಒಂದು ಹಂತದ ಉತ್ತರವನ್ನು ವಿಡಿಯೊ ನೋಡಿ ಮಾಡಿದೆ. ಬಲಕ್ಕೆ ನಾಲ್ಕು, ಕೆಳಗೆ ಎರಡು ಎಂದು ಬೆರಳು ಆಡಿಸಿದೆ, ಹಂತ ಮುಗಿಯಿತು. ಪಕ್ಕದ ಹಂತ ತೆರೆದರೆ ಅದೇ ಉಪಾಯ ಬೇಕಿತ್ತು, ಬೇರೆ ಜಾಗದಲ್ಲಿ. ನನಗೆ ಹೆಜ್ಜೆಗಳ ನೆನಪಿತ್ತು, ಉಪಾಯ ಗೊತ್ತಿರಲಿಲ್ಲ. ಹಿಂದಕ್ಕೆ ಹೋಗಿ ವಿಡಿಯೊದ ಹಂತವನ್ನೇ ಮತ್ತೆ ಆಡಬೇಕಾಯಿತು, ಈ ಸಲ ಪ್ರತಿ ಹೆಜ್ಜೆಗೂ ಯಾವ ಪದ ಹೊಳೆಯಿತು, ಯಾವುದು ಮಂಕಾಯಿತು ಎಂದು ನೋಡುತ್ತಾ. ಮೂರು ಸಂಜೆ ಹಿಡಿಯಿತು.

ಆದ್ದರಿಂದ ಎರಡನೆಯ ಹಂತದ ಆ ಗೋಡೆಯನ್ನು ಬಿಟ್ಟು ಮುಂದಿನ ಯಾವ ಹಂತದ ಉತ್ತರವನ್ನೂ ನಾನು ಇಲ್ಲಿ ಬರೆದಿಲ್ಲ. ಆ ಒಂದನ್ನು ಹೇಳಿದ್ದಕ್ಕೆ ಈಗಾಗಲೇ ನನ್ನ ತಂಗಿ ಗುರ್ ಎನ್ನುತ್ತಿದ್ದಾಳೆ.