ವಜ್ರದ ಉಂಗುರಕ್ಕೆ ತೆರಿಗೆ ಹಾಕಿದರೆ

ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂದು ನಮ್ಮ ಮಕ್ಕಳು ಅರ್ಥಶಾಸ್ತ್ರದ ಪಾಠದಲ್ಲಿ ಓದುತ್ತಾರೆ. ಟೊಮೆಟೊ ತುಟ್ಟಿಯಾದ ವಾರ ನಮ್ಮ ಅಡುಗೆಮನೆಗಳೂ ಇದನ್ನೇ ಹೇಳುತ್ತವೆ. ಆದರೆ ಕೆಲವು ವಸ್ತುಗಳನ್ನು ಜನರು ಕೊಳ್ಳುವುದೇ ಅವು ದುಬಾರಿ ಎಂಬ ಕಾರಣಕ್ಕೆ. ಸಿರಿವಂತಿಕೆಯನ್ನು ನಾಲ್ವರ ಕಣ್ಣಿಗೆ ಬೀಳುವಂತೆ ತೋರಿಸುವ ಈ ಬಗೆಯ ಖರ್ಚನ್ನು ಅಮೆರಿಕದ ಥಾರ್ಸ್ಟೈನ್ ವೆಬ್ಲೆನ್ 1899ರಲ್ಲಿಯೇ ವಿವರಿಸಿದ್ದನು. ಇಂತಹ ವಸ್ತುವಿನ ಮೇಲೆ ತೆರಿಗೆ ಹಾಕಿದರೆ ಆಗುವುದೇನು?

ಅರ್ಥಶಾಸ್ತ್ರಜ್ಞ ಯೂ-ಕ್ವಾಂಗ್ ಎಂಗ್ 1987ರಲ್ಲಿ ವಜ್ರವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಎತ್ತಿಕೊಂಡರು. ಅವರ ವಾದವನ್ನು ನಮ್ಮ ಲೆಕ್ಕದಲ್ಲಿ ಹೀಗೆ ನೋಡಬಹುದು. ನಿಶ್ಚಿತಾರ್ಥಕ್ಕೆ ಒಬ್ಬರು ಒಂದು ಲಕ್ಷ ರೂಪಾಯಿಯ ವಜ್ರದುಂಗುರವನ್ನು ಕೊಡಬೇಕೆಂದಿದ್ದಾರೆ. ಸರ್ಕಾರ ವಜ್ರದ ಬೆಲೆಯಷ್ಟೇ ತೆರಿಗೆಯನ್ನು ಹಾಕುತ್ತದೆ. ಈಗ ಅವರ ಲಕ್ಷದಲ್ಲಿ ಐವತ್ತು ಸಾವಿರ ಕಲ್ಲಿಗೆ, ಐವತ್ತು ಸಾವಿರ ತೆರಿಗೆಗೆ. ಕಲ್ಲು ಕಿರಿದಾಯಿತು, ನಿಜ. ಆದರೆ ಎಲ್ಲರ ಕಲ್ಲೂ ಕಿರಿದಾಗಿರುವುದರಿಂದ ಚಪ್ಪರದಲ್ಲಿ ಅದು ಇನ್ನೂ ‘ಲಕ್ಷದ ಉಂಗುರ’ವೇ. ಕೊಟ್ಟವರ ಖರ್ಚು ಹೆಚ್ಚಲಿಲ್ಲ, ಮರ್ಯಾದೆ ಕುಗ್ಗಲಿಲ್ಲ. ಖಜಾನೆಗೆ ಐವತ್ತು ಸಾವಿರ ಬಂದಿತು. ಕ್ಯಾರೆಟ್ಟಿನಲ್ಲಿ ಅಳೆದರೆ ಬೇಡಿಕೆ ಇಳಿದಿದೆ, ರೂಪಾಯಿಯಲ್ಲಿ ಅಳೆದರೆ ಒಂದಿಷ್ಟೂ ಇಳಿದಿಲ್ಲ. ಇದಕ್ಕೆ ವಿರುದ್ಧವಾಗಿ ವಜ್ರವು ಗಾಜಿನ ಬಳೆಯಷ್ಟು ಅಗ್ಗವಾದರೆ ಮೊದಲು ಕೈಬಿಡುವವರು ಇಂದು ಅದನ್ನು ಧರಿಸುತ್ತಿರುವವರೇ.

ಈ ಲೆಕ್ಕ ನಿಲ್ಲಬೇಕಾದರೆ, ಕಲ್ಲಿನ ಗಾತ್ರಕ್ಕಿಂತ ಅದರ ಬೆಲೆಯೇ ಕೊಳ್ಳುವವನಿಗೆ ಮುಖ್ಯವಾಗಿರಬೇಕು. ತೆರಿಗೆಯಿಲ್ಲದ ಬೇರೆ ಅಂಗಡಿಯೂ ಇರಬಾರದು. ಚಿನ್ನದಲ್ಲಿ ಈ ಎರಡೂ ಕೆಡುತ್ತವೆ. ನಮ್ಮ ಗಡಿನಾಡಿನ ಮದುವೆಗಳಲ್ಲಿ ಕೇಳುವುದು ಎಷ್ಟು ರೂಪಾಯಿ ಎಂದಲ್ಲ, ಎಷ್ಟು ಪವನು ಎಂದು. ತೆರಿಗೆ ಏರಿದರೂ ಪವನಿನ ಸಂಖ್ಯೆ ಇಳಿಸಲು ಹೆಣ್ಣು ಹೆತ್ತವರಿಗೆ ಸಂಕೋಚ; ಆದ್ದರಿಂದ ಇಲ್ಲಿ ತೆರಿಗೆಯ ಭಾರ ನಿಜವಾದ ಭಾರವೇ ಆಗಿ ಸಾಲದ ಪುಸ್ತಕಕ್ಕೆ ಏರುತ್ತದೆ. ಸುಂಕ ಹೆಚ್ಚಿದಷ್ಟೂ ಕಳ್ಳಸಾಗಣೆಯ ಲಾಭವೂ ಹೆಚ್ಚು. ಕೇಂದ್ರ ಸರ್ಕಾರ 2024ರ ಜುಲೈ ತಿಂಗಳಲ್ಲಿ ಚಿನ್ನದ ಆಮದು ಸುಂಕವನ್ನು ಶೇಕಡಾ 15ರಿಂದ 6ಕ್ಕೆ ಇಳಿಸಿದಾಗ ಈ ಮಾತೂ ಚರ್ಚೆಗೆ ಬಂದಿತ್ತು.

ದೋಣಿಯ ಕಥೆ ಇನ್ನೂ ಬೇರೆ. ಅಮೆರಿಕವು 1991ರಿಂದ ಒಂದು ಲಕ್ಷ ಡಾಲರಿಗೆ ಮೇಲ್ಪಟ್ಟ ವಿಹಾರದೋಣಿಗಳ ಮೇಲೆ, ಆ ಮಿತಿಯನ್ನು ಮೀರಿದ ಮೊತ್ತಕ್ಕೆ ಶೇಕಡಾ 10ರಂತೆ ತೆರಿಗೆ ಹಾಕಿತು. ಸಿರಿವಂತನಿಗೆ ಅದು ದೊಡ್ಡ ಹಣವೇನಲ್ಲ. ಆದರೆ ದೋಣಿಯನ್ನು ಈ ವರ್ಷವೇ ಕೊಳ್ಳಬೇಕೆಂಬ ಅವಸರವೂ ಅವನಿಗಿರಲಿಲ್ಲ; ಹಳೆಯ ದೋಣಿಗೆ ಈ ತೆರಿಗೆ ಇರಲಿಲ್ಲ. ಆರ್ಥಿಕ ಹಿಂಜರಿತವೂ ಅದೇ ಹೊತ್ತಿಗೆ ಬಂದಿದ್ದುದರಿಂದ ತಪ್ಪೆಲ್ಲ ತೆರಿಗೆಯದೇ ಎನ್ನಲಾಗದು. ಆದರೂ ಹೊಸ ದೋಣಿಗಳ ಮಾರಾಟ ಕುಸಿಯಿತು, ಕೆಲಸ ಕಳೆದುಕೊಂಡವರು ದೋಣಿ ಕಟ್ಟುವ ಬಡಗಿಗಳು. 1993ರಲ್ಲಿ ಆ ತೆರಿಗೆಯನ್ನು ರದ್ದುಪಡಿಸಲಾಯಿತು. ಅದೇ ಕಾನೂನಿನ ದುಬಾರಿ ಕಾರುಗಳ ತೆರಿಗೆ ಮಾತ್ರ 2002ರವರೆಗೂ ಉಳಿಯಿತು.