ಗಾದೆಯಲ್ಲಿ ಮುಗಿಯುವ ಕಥೆ: ತಪ್ಪು ಪ್ರಶ್ನೆಯದಲ್ಲ

ಐ.ಸಿ.ಎಸ್.ಇ. ಹತ್ತನೆಯ ತರಗತಿಯ ದ್ವಿತೀಯ ಭಾಷೆಯ ಪತ್ರಿಕೆ ಮೂರು ಗಂಟೆಯದು, 80 ಅಂಕದ್ದು. ಅದರಲ್ಲಿ 15 ಅಂಕ ಪ್ರಬಂಧಕ್ಕೆ ಮೀಸಲು, ಉದ್ದ ಸುಮಾರು 250 ಪದ. ಪ್ರಬಂಧದ ಆಯ್ಕೆಗಳಲ್ಲಿ ಗಾದೆಯನ್ನು ಆಧರಿಸಿದ ಅಥವಾ ಕೊಟ್ಟ ಮಾತಿನಿಂದ ಮುಗಿಯುವ ಸ್ವಂತ ಕಥೆಯೂ ಒಂದು. ಹೊರನಾಡಿನ ಕನ್ನಡ ಮನೆಗಳಲ್ಲಿ ಈ ಪ್ರಶ್ನೆಯ ಬಗ್ಗೆ ಗೊಣಗಾಟ ಸಾಮಾನ್ಯ. ಕೊನೆಯ ಸಾಲನ್ನು ಮೊದಲೇ ಕೈಗಿತ್ತು, ಮೇಲೆ ಪದಗಳ ಲೆಕ್ಕವನ್ನೂ ಹೇರಿದರೆ ಮಗುವಿನ ಕಲ್ಪನೆಗೆ ಜಾಗವೆಲ್ಲಿ ಎಂಬುದು ಆಕ್ಷೇಪ. ನಾನು ಇದನ್ನು ಒಪ್ಪುವುದಿಲ್ಲ. ಪ್ರಶ್ನೆ ಒಳ್ಳೆಯದು. ಅದನ್ನು ಹಾಳುಗೆಡವಿದವರು ಗಾದೆಯೆಂದರೆ ನೀತಿಪಾಠವೆಂದು ಕಲಿಸುವ ನಾವು.

ಕರ್ನಾಟಕದ ಶಾಲೆಗಳಲ್ಲಿ ಗಾದೆಯ ವಿಸ್ತರಣೆ ಎಂಬ ಬೇರೆಯೇ ಒಂದು ಅಭ್ಯಾಸವಿದೆ. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಆರಂಭಿಸಿ, ಕೊಟ್ಟ ಗಾದೆಯ ಅರ್ಥ ಹೇಳಿ, ಉದಾಹರಣೆಯೊಂದನ್ನು ಸೇರಿಸಿ, ನಾವೂ ಹಾಗೆಯೇ ಬಾಳಬೇಕು ಎಂದು ಮುಗಿಸುವುದು ಅದರ ಕ್ರಮ. ಅಲ್ಲಿ ಅದು ಸರಿಯೇ, ಏಕೆಂದರೆ ಕೇಳಿದ್ದು ವಿವರಣೆ. ಅದೇ ಅಚ್ಚನ್ನು ಕಥೆಗೂ ಒತ್ತಿದಾಗ ಕಥೆ ಉದಾಹರಣೆಯ ಮಟ್ಟಕ್ಕೆ ಇಳಿಯುತ್ತದೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಬಂದರೆ ಒಂದು ಊರು, ಆ ಊರಿನಲ್ಲಿ ಒಬ್ಬ ಕುಂಬಾರ, ಅವನ ಮಡಕೆಗಳು, ಅವನ್ನು ಒಡೆಯಲು ಬರುವ ಹೊಟ್ಟೆಕಿಚ್ಚಿನ ನೆರೆಯವ. ಕಡೆಗೆ ‘ಈ ಕಥೆಯಿಂದ ತಿಳಿಯುವುದೇನೆಂದರೆ’ ಎಂಬ ಎರಡು ಸಾಲು. ರೂಪಕವನ್ನು ಬಿಡಿಸಬೇಕಾದ ಹುಡುಗ ರೂಪಕವನ್ನೇ ನಕಲು ಮಾಡಿರುತ್ತಾನೆ.

ಗಾದೆ ನೀತಿವಾಕ್ಯವಲ್ಲ, ಆಡುವ ಮಾತು. ಒಬ್ಬರು ಇನ್ನೊಬ್ಬರಿಗೆ, ಒಂದು ಸಂದರ್ಭದಲ್ಲಿ, ಚುಚ್ಚಲೋ ಸಂತೈಸಲೋ ನಿಟ್ಟುಸಿರಿಡಲೋ ಅದನ್ನು ಆಡುತ್ತಾರೆ. ದುರ್ಗಸಿಂಹನು 11ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ಪಂಚತಂತ್ರದ ಪರಂಪರೆಯನ್ನೇ ನೋಡಿ. ಬೆಣೆ ಕಿತ್ತ ಕೋತಿಯ ಕಥೆಯಲ್ಲಿ ಬುದ್ಧಿಮಾತು ಮೊದಲು ಬರುತ್ತದೆ. ಅದನ್ನು ಆಡುವುದು ಒಂದು ನರಿ, ಕೇಳುವುದು ಮತ್ತೊಂದು ನರಿ. ಅದು ಹೇಗೆ ಎಂದು ಕೇಳಿದ ಮೇಲೆಯೇ ಕಥೆ. ಆಡುವವನಿಗೊಂದು ಉದ್ದೇಶವಿದೆ, ಕೇಳುವವನಿಗೊಂದು ಹಿತಾಸಕ್ತಿಯಿದೆ. ನಮ್ಮ ಪರೀಕ್ಷೆಯ ಕಥೆಗಳಲ್ಲಿ ಕಾಣೆಯಾಗಿರುವುದು ಇವರಿಬ್ಬರೇ. ಆದ್ದರಿಂದ ಪ್ರಶ್ನೆ ಓದಿದ ವಿದ್ಯಾರ್ಥಿ ಮೊದಲು ಕೇಳಿಕೊಳ್ಳಬೇಕಾದದ್ದು ಗಾದೆಯ ಅರ್ಥವನ್ನಲ್ಲ. ಈ ಮಾತನ್ನು ಯಾರು, ಯಾರೆದುರು, ಯಾವ ಗಳಿಗೆಯಲ್ಲಿ ಆಡುತ್ತಾರೆ ಎಂಬುದನ್ನು.

ಅದೇ ಕುಂಬಾರನ ಗಾದೆಯನ್ನು ಹೀಗೆ ಬಿಡಿಸಿ ನೋಡೋಣ. ಚೆಂಬೂರಿನ ಒಂದು ದಿನಸಿ ಅಂಗಡಿ. ಹುಡುಗನ ತಂದೆ ಅಲ್ಲಿ 11 ವರ್ಷದಿಂದ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದಾರೆ. ಶೆಟ್ಟರು ಊರಿಗೆ ಹೋಗುವಾಗ ಬೀಗದ ಕೈಯನ್ನು ಸ್ವಂತ ತಮ್ಮನಿಗೆ ಕೊಡದೆ ಇವರಿಗೆ ಕೊಡುತ್ತಾರೆ. ಒಂದು ಸಂಜೆ ತಂದೆಗೆ ಊಟ ತಂದ ಹುಡುಗ, ಅವರು ಒಳಗೆ ಅಕ್ಕಿ ತೂಗುತ್ತಿರುವಾಗ, ಪೆಟ್ಟಿಗೆಯಿಂದ 200 ರೂಪಾಯಿ ಎತ್ತಿಕೊಳ್ಳುತ್ತಾನೆ. ಶೆಟ್ಟರು ಅದನ್ನು ಕಾಣುತ್ತಾರೆ, ಆದರೆ ಏನೂ ಅನ್ನುವುದಿಲ್ಲ. ಮರುದಿನ ಬೆಳಿಗ್ಗೆ ಪೆಟ್ಟಿಗೆಗೆ ಹೊಸ ಬೀಗ ಬಿದ್ದಿದೆ, ಕೈ ಶೆಟ್ಟರ ಜೇಬಿನಲ್ಲಿದೆ. ‘ಇನ್ನು ಮೇಲೆ ನೀವು ಅಕ್ಕಿಯ ಕಡೆ ನೋಡಿಕೊಳ್ಳಿ, ರಾಯರೇ’ ಎನ್ನುತ್ತಾರೆ ಮೃದುವಾಗಿ. ರಾತ್ರಿ ಊಟಕ್ಕೆ ಕುಳಿತ ತಂದೆ ಮಗನ ಮುಖ ನೋಡದೆ ಒಂದೇ ಮಾತು ಆಡುತ್ತಾರೆ. ಆ ಮಾತೇ ಗಾದೆ. ಇಲ್ಲಿ ಮಡಕೆಯಿಲ್ಲ, ದೊಣ್ಣೆಯಿಲ್ಲ. ಆದರೂ ವರುಷ ಯಾವುದು, ನಿಮಿಷ ಯಾವುದು ಎಂದು ಯಾರೂ ವಿವರಿಸಬೇಕಾಗಿಲ್ಲ.

ಈಗ ಪದಗಳ ಲೆಕ್ಕ. ಗಾದೆಗೆ ನಾಲ್ಕು ಪದ ಹೋದರೆ ಉಳಿದದ್ದು 246. ಇದನ್ನು ಹಿಂದಿನಿಂದ ಹಂಚಬೇಕು. ಊಟದ ಹೊತ್ತಿಗೆ 40, ಹೊಸ ಬೀಗದ ಬೆಳಗಿಗೆ 80, ಹಣ ಎತ್ತಿದ ಸಂಜೆಗೆ 65. ಹನ್ನೊಂದು ವರ್ಷದ ನಂಬಿಕೆಗೆ ಸುಮಾರು 60 ಪದ ಸಾಕು, ಏಕೆಂದರೆ ತಮ್ಮನಿಗೆ ಕೊಡದ ಬೀಗದ ಕೈ ಎಂಬ ಒಂದೇ ವಿವರ ಆ ಕೆಲಸವನ್ನೆಲ್ಲ ಮಾಡಿಬಿಡುತ್ತದೆ. ಮಕ್ಕಳು ಮುಂದಿನಿಂದ ಬರೆಯುತ್ತಾರೆ. ಊರಿನ ವರ್ಣನೆ, ಬಡತನದ ವರ್ಣನೆ ಮುಗಿಯುವಾಗ 150 ಪದ ಕಳೆದಿರುತ್ತದೆ, ಘಟನೆ ಕೊನೆಯ ಪ್ಯಾರಾದಲ್ಲಿ ಓಡಿಹೋಗುತ್ತದೆ. ಇದಕ್ಕೆ ಪದಮಿತಿಯನ್ನು ದೂರುವುದು ಸಲ್ಲದು.

ಕನ್ನಡದಲ್ಲಂತೂ ಆ ದೂರು ಇನ್ನೂ ಸಲ್ಲದು. ‘ಪೆಟ್ಟಿಗೆಯಲ್ಲಿದ್ದ’ ಎಂಬುದು ನಮಗೆ ಒಂದೇ ಪದ. ಹಿಂದಿಯಲ್ಲಿ ಅದು ‘ಪೇಟೀ ಮೇಂ ರಖಾ ಹುವಾ’ ಎಂದು ನಾಲ್ಕಾಗುತ್ತದೆ. ವಿಭಕ್ತಿ, ಸಂಧಿ, ಸಮಾಸಗಳನ್ನು ನಾವು ಪದದೊಳಗೇ ಹೊಲಿದುಕೊಳ್ಳುತ್ತೇವೆ. ಹೀಗಾಗಿ ಅದೇ 250 ಪದ ಹಿಂದಿಯ ವಿದ್ಯಾರ್ಥಿಗಿಂತ ಕನ್ನಡದ ವಿದ್ಯಾರ್ಥಿಗೆ ಹೆಚ್ಚು ಸ್ಥಳ ಕೊಡುತ್ತದೆ. ಮುಂಬಯಿ, ದೆಹಲಿಯ ನಮ್ಮ ಮಕ್ಕಳು ಹಿಂದಿಗೆ ಮಾಡಿದ ಹಂಚಿಕೆಯನ್ನೇ ಕನ್ನಡಕ್ಕೂ ಬಳಸಿ, ಬಳಿಕ ಪದ ಸಾಲದೆಂದು ವಿಶೇಷಣಗಳನ್ನು ತುಂಬುತ್ತಾರೆ. ಆ ಸ್ಥಳದಲ್ಲಿ ಇನ್ನೊಂದು ಘಟನೆಯನ್ನೇ ಕೂಡಿಸಬಹುದಿತ್ತು.

ಕಥೆ ಗಾದೆಯನ್ನು ಗಳಿಸಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಕೊನೆಯ ಸಾಲನ್ನು ಮುಚ್ಚಿ ಅಲ್ಲಿ ‘ಮಾಡಿದ್ದುಣ್ಣೋ ಮಹರಾಯ’ ಎಂಬುದನ್ನು ಇಡಿ. ಮಡಕೆ ಒಡೆದ ನೆರೆಯವನಿಗೆ ಶಿಕ್ಷೆಯಾಗುವ ಆ ಅಚ್ಚಿನ ಕಥೆಗೆ ಈ ಗಾದೆಯೂ ಚೆನ್ನಾಗಿ ಹೊಂದುತ್ತದೆ. ಅಂದರೆ ಅದು ಯಾವ ಗಾದೆಯ ಕಥೆಯೂ ಅಲ್ಲ, ತಪ್ಪಿಗೆ ದಂಡನೆ ಎಂಬ ಸಿದ್ಧ ಕಥೆ. ಅಂಗಡಿಯ ಕಥೆಗೆ ಅದು ಹೊಂದುವುದಿಲ್ಲ. ಮಾಡಿದವನು ಮಗ, ಉಂಡವನು ತಂದೆ. ಗಾದೆ ಬದಲಾದರೆ ಕಥೆ ಮುರಿಯಬೇಕು. ಮುರಿಯದಿದ್ದರೆ ಕಥೆಯನ್ನು ಮತ್ತೆ ಬರೆಯಬೇಕು.

ಈ ಪ್ರಶ್ನೆಗೂ ಮಿತಿಯಿದೆ. ‘ಕೂಡಿ ಬಾಳಿದರೆ ಸ್ವರ್ಗಸುಖ’ದಂಥ ನೇರ ಉಪದೇಶವನ್ನು ಕೊಟ್ಟರೆ ಬಿಡಿಸಲು ರೂಪಕವೇ ಇರುವುದಿಲ್ಲ, ಎಂಥ ಜಾಣ ಹುಡುಗಿಯೂ ಅಲ್ಲಿ ಉಪದೇಶಕ್ಕೇ ಬೀಳುತ್ತಾಳೆ. ಪ್ರಶ್ನೆ ಮಾಡುವವರು ಚಿತ್ರವುಳ್ಳ ಗಾದೆಯನ್ನು ಆರಿಸಲಿ. ಮೌಲ್ಯಮಾಪನ ಮಾಡುವವರು ‘ಈ ಕಥೆಯಿಂದ ತಿಳಿಯುವುದೇನೆಂದರೆ’ ಎಂಬ ಸಾಲು ಇಲ್ಲವೆಂದು ಅಂಕ ಕಳೆಯದಿರಲಿ; ಅದು ಇದ್ದರೆ ಕಳೆಯಲಿ, ಏಕೆಂದರೆ ಗಾದೆಯಿಂದ ಮುಗಿಯಬೇಕಾದ ಕಥೆ ಅಲ್ಲಿ ಮುಗಿಯದೆ ಮುಂದಕ್ಕೆ ಹರಿದಿದೆ. ಮನೆಯಲ್ಲಿ ಕನ್ನಡ ಹೇಳಿಕೊಡುವ ನಾವು ಗಾದೆಗಳ ಅರ್ಥದ ಪಟ್ಟಿಯನ್ನು ಬದಿಗಿಟ್ಟು, ಅಜ್ಜಿ ಅದನ್ನು ಯಾರ ಮೇಲೆ, ಯಾವಾಗ ಆಡುತ್ತಿದ್ದಳು ಎಂದು ಮಕ್ಕಳಿಗೆ ಹೇಳೋಣ. ಅವರಿಗೆ ಬೇಕಾದ ಕಥೆ ಅಲ್ಲೇ ಇದೆ.