ಶುಕ್ರವಾರದ ಚೀಟಿ: ನೋಟು ಮುದ್ರಿಸಿದರೆ ಬಿಲ್ಲು ಯಾರ ಕೈಗೆ?

"ನೋಟು ಪ್ರಿಂಟ್ ಮಾಡೋ ಮಷೀನ್ ಅವರ ಕೈಲೇ ಇದೆಯಲ್ಲ, ಒಂದು ವಾರ ಜಾಸ್ತಿ ಓಡಿಸಿ ರೈತರ ಸಾಲ ಪೂರ್ತಿ ತೀರಿಸಿಬಿಡಲಿ." ಹೋಟೆಲ್ ಬೆಂಚಿನ ಮೇಲೆ, ಡೇರಿ ಮುಂದೆ, ವಾಟ್ಸಾಪ್ ಗ್ರೂಪಿನಲ್ಲಿ ಈ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಟಿವಿಯಲ್ಲಿ ಕೂತವರದು ಇನ್ನೊಂದು ಮಾತು: "ಸರ್ಕಾರ ಸಾಲ ಮಾಡಿ ಹಳ್ಳಿಗೆ ಖರ್ಚು ಮಾಡಿದರೆ ಬಡ್ಡಿ ಏರುತ್ತದೆ, ಉಳಿದವರಿಗೆ ಸಾಲ ಸಿಗುವುದಿಲ್ಲ."

ನಾವು ಎರಡನ್ನೂ ಒಪ್ಪುವುದಿಲ್ಲ. ಎರಡರಲ್ಲೂ ಅರ್ಧ ಸತ್ಯವಿದೆ, ಉಳಿದರ್ಧವನ್ನು ಮುಚ್ಚಿಡಲಾಗಿದೆ. ಅದನ್ನು ಬಿಚ್ಚಲು ನಮ್ಮ ದೇಶದಲ್ಲೇ ನಡೆದ ಒಂದು ಹಳೆಯ ಕಥೆ ಸಾಕು.

ಮೊದಲು ಒಂದು ವಿಷಯ. ಸರ್ಕಾರದ ಆದಾಯಕ್ಕಿಂತ ಖರ್ಚು ಹೆಚ್ಚಾದರೆ ಆ ಕೊರತೆ ತುಂಬಲು ಎರಡು ದಾರಿಗಳಿವೆ. ಒಂದು, ಮಾರುಕಟ್ಟೆಯಲ್ಲಿ ಸಾಲಪತ್ರ ಮಾರುವುದು. ಬ್ಯಾಂಕು ನಮ್ಮ ನಿಮ್ಮ ಠೇವಣಿ ದುಡ್ಡಿನಲ್ಲಿ ಅದನ್ನು ಕೊಳ್ಳುತ್ತದೆ. ಇಲ್ಲಿ ಹೊಸ ಹಣ ಹುಟ್ಟುವುದಿಲ್ಲ, ಇದ್ದ ಹಣ ಕೈ ಬದಲಿಸುತ್ತದೆ. ಒಂದೇ ಬಾವಿಗೆ ದೊಡ್ಡ ಮೋಟಾರು ಬಿಟ್ಟ ಹಾಗೆ: ನೀರು ಕಡಿಮೆ ಇದ್ದರೆ ಪಕ್ಕದ ಹೊಲದವನಿಗೆ ಸಿಗುವುದಿಲ್ಲ. ಟಿವಿಯವರು ಹೇಳುವುದು ಇದನ್ನೇ. ಎರಡನೆಯದು, ಸಾಲಪತ್ರವನ್ನು ರಿಸರ್ವ್ ಬ್ಯಾಂಕಿಗೇ ಕೊಡುವುದು. ಆರ್‌ಬಿಐ ಯಾರ ಠೇವಣಿಯನ್ನೂ ಮುಟ್ಟದೆ ಸರ್ಕಾರದ ಖಾತೆಗೆ ಹೊಸ ಹಣ ಬರೆಯುತ್ತದೆ. "ನೋಟು ಮುದ್ರಣ" ಎಂದು ಜನ ಹೇಳುವುದು ಇದಕ್ಕೆ. ಮಷೀನ್ ಓಡಬೇಕೆಂದೇನೂ ಇಲ್ಲ, ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಬರೆದರೆ ಸಾಕು.

ಈಗ ಕಥೆ. 1955ರಲ್ಲಿ ಕೇಂದ್ರ ಸರ್ಕಾರಕ್ಕೂ ಆರ್‌ಬಿಐಗೂ ಒಂದು ಒಪ್ಪಂದವಾಯಿತು. ಶುಕ್ರವಾರ ಸರ್ಕಾರದ ಖಾತೆಯಲ್ಲಿ ಕನಿಷ್ಠ 50 ಕೋಟಿ ರೂಪಾಯಿ ಇರಬೇಕು. ಕಡಿಮೆ ಬಿದ್ದರೆ "ಅಡ್‌ಹಾಕ್ ಟ್ರೆಷರಿ ಬಿಲ್" ಎಂಬ ಚೀಟಿ ತಾನಾಗಿಯೇ ಹುಟ್ಟುತ್ತದೆ, ಆರ್‌ಬಿಐ ಅಷ್ಟು ಹಣ ತುಂಬುತ್ತದೆ. ಅಡ್‌ಹಾಕ್ ಎಂದರೆ ತಾತ್ಕಾಲಿಕ. ಆದರೆ ಹಳೆಯ ಚೀಟಿ ತೀರಿಸಲು ಹೊಸ ಚೀಟಿ ಬರೆಯುತ್ತಾ ಈ ತಾತ್ಕಾಲಿಕ 42 ವರ್ಷ ನಡೆಯಿತು. 1974ರಿಂದ ಅದರ ಬಡ್ಡಿ ವರ್ಷಕ್ಕೆ ಶೇ. 4.6ಕ್ಕೇ ನಿಂತಿತು. ಬೆಲೆಗಳು ಶೇ. 10 ಏರಿದ ವರ್ಷದಲ್ಲೂ ಅಷ್ಟೇ. ಇಷ್ಟು ಅಗ್ಗದ ಸಾಲ ಸಿಕ್ಕಿದರೆ ಖರ್ಚಿಗೆ ಕಡಿವಾಣ ಹಾಕುವವರು ಯಾರು?

"ಯಾರ ಠೇವಣಿಯನ್ನೂ ಮುಟ್ಟಲಿಲ್ಲವಲ್ಲ, ತೊಂದರೆ ಏನು?" ಎಂದು ನೀವು ಕೇಳಬಹುದು. ಆ ಹೊಸ ಹಣ ಗುತ್ತಿಗೆದಾರನಿಗೆ, ನೌಕರನಿಗೆ ಹೋಗುತ್ತದೆ. ಅವರು ಬ್ಯಾಂಕಿಗೆ ಹಾಕುತ್ತಾರೆ, ಬ್ಯಾಂಕು ಅದರ ಮೇಲೆ ಸಾಲ ಕೊಡುತ್ತದೆ, ಆ ಸಾಲ ಇನ್ನೊಂದು ಬ್ಯಾಂಕಿನಲ್ಲಿ ಠೇವಣಿಯಾಗುತ್ತದೆ. ಒಂದು ರೂಪಾಯಿ ಹಲವು ರೂಪಾಯಿ ಆಗುತ್ತದೆ. ಸಂತೆಗೆ ಬರುವ ಜೋಳದ ಚೀಲ ಮಾತ್ರ ಅಷ್ಟೇ ಇದ್ದರೆ, ಏರುವುದು ಬೆಲೆ.

ಅದನ್ನು ತಡೆಯಲು ಆರ್‌ಬಿಐ ಏನು ಮಾಡಿತು? ಸರ್ಕಾರಕ್ಕೆ ಇಲ್ಲ ಅನ್ನುವ ಅಧಿಕಾರ ಅದಕ್ಕಿರಲಿಲ್ಲ. ಹಾಗಾಗಿ ಬ್ಯಾಂಕುಗಳ ಕೈ ಕಟ್ಟಿತು. ಪ್ರತಿ ಬ್ಯಾಂಕೂ ಠೇವಣಿಯ ಒಂದು ಪಾಲನ್ನು ಆರ್‌ಬಿಐನಲ್ಲಿ ನಗದಾಗಿ ಇಡಬೇಕು, ಅದು ಸಿಆರ್‌ಆರ್. ಇನ್ನೊಂದು ಪಾಲನ್ನು ಮುಖ್ಯವಾಗಿ ಸರ್ಕಾರಿ ಸಾಲಪತ್ರದಲ್ಲಿ ತೊಡಗಿಸಬೇಕು, ಅದು ಎಸ್‌ಎಲ್‌ಆರ್. 1990ರ ಕೊನೆಗೆ ಸಿಆರ್‌ಆರ್ ಶೇ. 15ಕ್ಕೆ, ಎಸ್‌ಎಲ್‌ಆರ್ ಶೇ. 38.5ಕ್ಕೆ ಮುಟ್ಟಿದ್ದವು.

ಲೆಕ್ಕ ಹಾಕೋಣ. ಹಳ್ಳಿಯ ಶಾಖೆಗೆ 100 ರೂಪಾಯಿ ಠೇವಣಿ ಬಂತು. 15 ಆರ್‌ಬಿಐಗೆ, 38 ರೂಪಾಯಿ 50 ಪೈಸೆ ಸಾಲಪತ್ರಕ್ಕೆ. ಉಳಿದದ್ದು 46 ರೂಪಾಯಿ 50 ಪೈಸೆ. ಬ್ಯಾಂಕು ಕೊಟ್ಟ ಸಾಲದಲ್ಲಿ ಶೇ. 18 ಕೃಷಿಗೆ ಹೋಗಬೇಕು ಎಂಬ ಗುರಿ ಆಗಲೂ ಇತ್ತು. 46.50ರಲ್ಲಿ ಶೇ. 18 ಎಂದರೆ ಸುಮಾರು 8 ರೂಪಾಯಿ 37 ಪೈಸೆ. ನೂರು ರೂಪಾಯಿ ಇಟ್ಟ ಊರಿನ ರೈತನಿಗೆ ನಿಯಮದಂತೆ ಸಿಗಬೇಕಾದದ್ದು ಎಂಟು ರೂಪಾಯಿ ಚಿಲ್ಲರೆ!

ನಮ್ಮ ತಕರಾರು ಇಲ್ಲೇ ಇರುವುದು. ನೋಟು ಮುದ್ರಿಸಿದರೆ ಉಳಿದವರ ಸಾಲಕ್ಕೆ ಪೆಟ್ಟಿಲ್ಲ ಎಂದರು. ಮುಂಬಾಗಿಲಲ್ಲಿ ಬರಲಿಲ್ಲ ನಿಜ, ಹಿತ್ತಲ ಬಾಗಿಲಲ್ಲಿ ಬಂತು. ಇಷ್ಟಾದರೂ ಬೆಲೆ ನಿಲ್ಲಲಿಲ್ಲ. 1991ರ ಆಗಸ್ಟಿನಲ್ಲಿ ಸಗಟು ಬೆಲೆ ಏರಿಕೆ ಶೇ. 17ರ ಹತ್ತಿರ ಹೋಯಿತು. ಕೊಲ್ಲಿ ಯುದ್ಧದ ತೈಲ ಬೆಲೆ, ರೂಪಾಯಿ ಅಪಮೌಲ್ಯ ಕೂಡ ಕಾರಣವೇ, ಎಲ್ಲವನ್ನೂ ಚೀಟಿಯ ಮೇಲೆ ಹೊರಿಸುವುದಿಲ್ಲ. ಆದರೆ ಒಲೆಗೆ ಸೌದೆ ಹಾಕಿದ್ದರಲ್ಲಿ ಅದರ ಪಾಲು ದೊಡ್ಡದು.

ಬೆಲೆ ಏರಿದಾಗ ಎಲ್ಲರಿಗೂ ಒಂದೇ ಪೆಟ್ಟಲ್ಲ. ಜಮೀನು, ಚಿನ್ನ ಇರುವವನ ಆಸ್ತಿಯ ಬೆಲೆಯೂ ಏರುತ್ತದೆ. ಕೂಲಿಯನ್ನು ನಗದಾಗಿ ಪಡೆಯುವವಳು, ಸಂಘದಲ್ಲಿ ಉಳಿತಾಯ ಇಟ್ಟವಳು ಕಳೆದುಕೊಳ್ಳುತ್ತಾಳೆ. ಅದು ತೆರಿಗೆಯೇ, ಆದರೆ ಅದರ ದರವನ್ನು ಯಾವ ಸದನವೂ ಚರ್ಚಿಸಿ ಮತ ಹಾಕಿರುವುದಿಲ್ಲ. ಸಾಲಮನ್ನಾಕ್ಕೆ ನೋಟು ಮುದ್ರಿಸಿ ಎನ್ನುವವರು, ಆ ಬಿಲ್ಲು ಭೂಮಿ ಇಲ್ಲದ ಕೂಲಿಯ ಮನೆಗೆ ಹೋಗುತ್ತದೆ ಎಂಬುದನ್ನೂ ಹೇಳಬೇಕು.

1994ರ ಸೆಪ್ಟೆಂಬರಿನಲ್ಲಿ, ಮನಮೋಹನ್ ಸಿಂಗ್ ಹಣಕಾಸು ಸಚಿವರಾಗಿದ್ದಾಗ, ಸಿ. ರಂಗರಾಜನ್ ಗವರ್ನರ್ ಆಗಿದ್ದಾಗ ಚೀಟಿಗೆ ಮಿತಿ ಹಾಕಿದರು. 1997ರ ಏಪ್ರಿಲ್‌ನಿಂದ ಚೀಟಿಯೇ ನಿಂತಿತು. ಬದಲಿಗೆ ಮಿತಿ ಇರುವ ಕೈಗಡ ಬಂತು. 2003ರ ವಿತ್ತೀಯ ಹೊಣೆಗಾರಿಕೆ ಕಾನೂನಿನ ಪ್ರಕಾರ, 2006ರ ಏಪ್ರಿಲ್‌ನಿಂದ ಆರ್‌ಬಿಐ ಹೊಸ ಸರ್ಕಾರಿ ಸಾಲಪತ್ರವನ್ನು ನೇರವಾಗಿ ಕೊಳ್ಳುವಂತಿಲ್ಲ. ತೀರಾ ವಿಶೇಷ ಸಂದರ್ಭಕ್ಕೆ ಮಾತ್ರ ವಿನಾಯಿತಿ.

ಇನ್ನು ಟಿವಿಯವರ ಸರದಿ. 1990ರ ಪಾಠವನ್ನು ಹಿಡಿದು ಹಳ್ಳಿಗೆ ಒಂದು ರೂಪಾಯಿ ಖರ್ಚು ಮಾಡಿದರೂ ಬಡ್ಡಿ ಏರುತ್ತದೆ ಎಂದು ಹೆದರಿಸುವುದು ತಪ್ಪು. 2020ನ್ನು ನೋಡಿ. ಲಾಕ್‌ಡೌನಿನ ಮೂರು ತಿಂಗಳಲ್ಲಿ ದೇಶದ ಉತ್ಪಾದನೆ ಸುಮಾರು ಕಾಲು ಭಾಗ ಕುಸಿಯಿತು. ಆ ವರ್ಷ ಕೇಂದ್ರದ ಕೊರತೆ ಜಿಡಿಪಿಯ ಶೇ. 9 ದಾಟಿತು. ಆದರೂ ಸಾಲಪತ್ರದ ಬಡ್ಡಿ ಶೇ. 6ರ ಆಸುಪಾಸಿನಲ್ಲೇ ಇತ್ತು. ಕಾರಣ, ಬಾವಿಯಲ್ಲಿ ನೀರು ತುಂಬಿತ್ತು. ಸಾಲ ಕೇಳುವವರಿಲ್ಲದೆ ಬ್ಯಾಂಕುಗಳು ಲಕ್ಷಾಂತರ ಕೋಟಿಯನ್ನು ಆರ್‌ಬಿಐನಲ್ಲೇ ಇಟ್ಟು ಕೂತಿದ್ದವು. ಆರ್‌ಬಿಐ ಕೂಡ ಮಾರುಕಟ್ಟೆಯಿಂದ ಹಳೆಯ ಸಾಲಪತ್ರ ಕೊಂಡು ಹಣ ಬಿಟ್ಟಿತು. ಚೀಟಿಗೂ ಇದಕ್ಕೂ ವ್ಯತ್ಯಾಸವಿದೆ: ಎಷ್ಟು ಕೊಳ್ಳಬೇಕು, ಯಾವಾಗ ನಿಲ್ಲಿಸಬೇಕು ಎಂಬ ತೀರ್ಮಾನ ಆರ್‌ಬಿಐನದು, ಖಾತೆ ಖಾಲಿಯಾದವರದಲ್ಲ. ಕಾರ್ಖಾನೆ ಮುಚ್ಚಿ, ಕೈಗೆ ಕೆಲಸವಿಲ್ಲದಾಗ ಉದ್ಯೋಗ ಖಾತ್ರಿಗೆ ಕೊಟ್ಟ ಹಣ ಯಾರ ಸಾಲವನ್ನೂ ಕಿತ್ತುಕೊಳ್ಳುವುದಿಲ್ಲ.

ಹಾಗಾಗಿ ಮುಂದಿನ ಸಲ ಯಾರಾದರೂ ಕೊರತೆಯ ಮಾತು ತೆಗೆದರೆ ನಾವು ಎರಡು ಪ್ರಶ್ನೆ ಕೇಳೋಣ. ಬಾವಿಯಲ್ಲಿ ನೀರಿದೆಯೇ, ಅಂದರೆ ದುಡಿಯುವ ಕೈ, ಓಡುವ ಯಂತ್ರ ಖಾಲಿ ಕೂತಿವೆಯೇ? ಸಾಲಪತ್ರವನ್ನು ಕೊನೆಗೆ ಕೊಳ್ಳುತ್ತಿರುವವರು ಯಾರು? ಎರಡನೆಯದಕ್ಕೆ ಉತ್ತರ ಗುಟ್ಟಿನದಲ್ಲ. ಸರ್ಕಾರಕ್ಕೆ ಆರ್‌ಬಿಐ ಎಷ್ಟು ಹಣ ಕೊಟ್ಟಿದೆ ಎಂಬ ಲೆಕ್ಕ ಅದರ ವಾರದ ಅಂಕಿಅಂಶದಲ್ಲೇ ಬರುತ್ತದೆ. ಅದು ಹೊರಬೀಳುವುದೂ ಶುಕ್ರವಾರವೇ.